ಅರ್ಧಕ್ಕೇ ನಿಂತ ಚಾಟ್‌ಗಳನ್ನು ಎಣಿಸೋದು, ಮೊದಲ ಆಟೋ ರಿಪ್ಲೈ ಸರಿ ಮಾಡೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಸಪೋರ್ಟ್ ಚಾಟ್‌ಗಳ ಡೇಟಾ ನೋಡುವ ಅನಲಿಸ್ಟ್‌ಗಳಿಗಾಗಿ ಇದನ್ನು ಬರೆದಿದೆ. ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಮೈಸೂರಿನಲ್ಲಿ ಒಂದು ಕಂಪನಿ ಇದೆ ಅಂದುಕೊಳ್ಳಿ. ಪಂಪ್‌ಸೆಟ್‌ಗೆ ಹಾಕುವ ಮೊಬೈಲ್ ಸ್ಟಾರ್ಟರ್ ಮಾರುತ್ತದೆ. ಮನೆಯಲ್ಲಿ ಕೂತು ಫೋನಿನಿಂದಲೇ ಮೋಟರ್ ಆನ್ ಮಾಡುವ ಡಬ್ಬಿ ಅದು. ಗ್ರಾಹಕರು ಹೆಚ್ಚಿನವರು ಮಂಡ್ಯ, ಮದ್ದೂರು, ಪಾಂಡವಪುರ ಕಡೆಯ ಕಬ್ಬು, ಭತ್ತದ ರೈತರು. ಸಪೋರ್ಟ್ ನಡೆಯೋದು ವಾಟ್ಸಾಪ್‌ನಲ್ಲಿ. ಕಂಪನಿ ಕಲ್ಪಿತ, ಇಲ್ಲಿನ ಚಾಟ್ ಸಂಖ್ಯೆಗಳು ಲೆಕ್ಕ ತೋರಿಸಲು ಹಾಕಿದವು. ಲೆಕ್ಕದ ವಿಧಾನ ಮಾತ್ರ ನಿಮ್ಮ ಡೇಟಾಕ್ಕೂ ಹಾಗೇ ನಡೆಯುತ್ತದೆ.

ಅರ್ಧಕ್ಕೇ ನಿಂತ ಚಾಟ್ ಅಂದ್ರೆ ನಿಖರವಾಗಿ ಯಾವುದು?

ಇದನ್ನು ನೋಡಿ:

```
06:12:04  ಗ್ರಾಹಕ : ನಮಸ್ಕಾರ ಸಾರ್
06:12:05  ಆಟೋ   : ಸಂಪರ್ಕಿಸಿದ್ದಕ್ಕೆ ಧನ್ಯವಾದಗಳು. ನಮ್ಮ ಪ್ರತಿನಿಧಿ
                  ಶೀಘ್ರದಲ್ಲೇ ಉತ್ತರಿಸುತ್ತಾರೆ.
06:12:38  ಗ್ರಾಹಕ : ನಮ್ ಮೋಟ್ರು
09:20:11  ಸಪೋರ್ಟ್: ಹೇಳಿ ಸರ್, ಮೋಟರ್‌ಗೆ ಏನಾಗಿದೆ?
```

ಆಮೇಲೆ ಏನೂ ಇಲ್ಲ. ಬೆಳಗಿನ ಜಾವ ತ್ರೀ ಫೇಸ್ ಕರೆಂಟ್ ಇದ್ದಾಗ ಆತ ಬರೆದಿದ್ದಾರೆ. ಒಂಬತ್ತು ಗಂಟೆಗೆ ಕರೆಂಟೂ ಹೋಗಿದೆ, ಆತನೂ ಬೇರೆ ಕೆಲಸಕ್ಕೆ ಹೋಗಿದ್ದಾರೆ.

ವ್ಯಾಖ್ಯೆ ಸರಳವಾಗಿರಲಿ. ಚಾಟ್‌ನಲ್ಲಿ ಗ್ರಾಹಕ ಬರೆದದ್ದನ್ನೆಲ್ಲ ಒಟ್ಟಿಗೆ ಓದಿ. ಸಪೋರ್ಟ್‌ನವರು ಇನ್ನೇನೂ ಕೇಳದೆ ಮುಂದಿನ ಒಂದು ಹೆಜ್ಜೆ ಇಡಬಹುದಾ? ಇಡಲಾಗದಿದ್ದರೆ ಅದು ಅಪೂರ್ಣ. ವ್ಯಾಕರಣ ಸರಿ ಇದೆಯೋ ಇಲ್ಲವೋ ನೋಡಬೇಡಿ. "ಲೈಟ್ ಕೆಂಪು, ಮೋಟ್ರು ಇಲ್ಲ" ಅನ್ನೋದು ಪೂರ್ತಿ ವಾಕ್ಯವೂ ಅಲ್ಲ, ಆದರೆ ಟೆಕ್ನಿಷಿಯನ್‌ಗೆ ಅಷ್ಟು ಸಾಕು. "ನನ್ನ ಸ್ಟಾರ್ಟರ್ ಬಗ್ಗೆ ಸ್ವಲ್ಪ ಮಾತಾಡಬೇಕಿತ್ತು" ಅನ್ನೋದು ಪೂರ್ತಿ ವಾಕ್ಯ, ಆದರೂ ಅಪೂರ್ಣ.

ಅಪೂರ್ಣದಲ್ಲೂ ಮೂರು ಬಗೆ ಇವೆ, ಬೇರೆ ಬೇರೆ ಗುರುತು ಹಾಕಿ. ಬರೀ ನಮಸ್ಕಾರ ಹೇಳಿ ನಿಂತದ್ದು ಒಂದು. ಮಾತು ಶುರುವಾಗಿ ಮಧ್ಯದಲ್ಲಿ ಕಡಿದದ್ದು ಇನ್ನೊಂದು. ಸಮಸ್ಯೆ ಹೇಳಿ, ಬೇಕಾದ ವಿವರ ಬಿಟ್ಟದ್ದು ಮೂರನೆಯದು. ಮೊದಲ ಆಟೋ ರಿಪ್ಲೈ ಬದಲಿಸಿದರೆ ಮುಖ್ಯವಾಗಿ ಅಲುಗಾಡೋದು ಮೊದಲೆರಡು ಬಗೆ. ಮೂರನ್ನೂ ಒಂದೇ ರಾಶಿ ಮಾಡಿದರೆ ಆ ಬದಲಾವಣೆ ಕಣ್ಣಿಗೆ ಬೀಳೋದಿಲ್ಲ.

ಚಾಟ್ ಮುಗಿಯಿತು ಅಂತ ಯಾವಾಗ ಹೇಳಬೇಕು?

ವಾಟ್ಸಾಪ್‌ನಲ್ಲಿ ಯಾರೂ ಚಾಟ್ ಮುಚ್ಚೋದಿಲ್ಲ, ಹಾಗಾಗಿ ಗಡಿ ನೀವೇ ಹಾಕಬೇಕು. 24 ಗಂಟೆ ಒಳ್ಳೆಯ ಗಡಿ, ಸುಮ್ನೆ ಆರಿಸಿದ್ದಲ್ಲ. ವಾಟ್ಸಾಪ್ ಬಿಸಿನೆಸ್ ಎಪಿಐನಲ್ಲಿ ಗ್ರಾಹಕನ ಕೊನೆಯ ಮೆಸೇಜ್‌ನಿಂದ 24 ಗಂಟೆ ಮಾತ್ರ ಕಂಪನಿ ತನ್ನ ಮಾತಿನಲ್ಲಿ ಉತ್ತರ ಬರೆಯಬಹುದು. ಅದು ಕಳೆದರೆ ಮೊದಲೇ ಒಪ್ಪಿಗೆ ಪಡೆದ ಟೆಂಪ್ಲೇಟ್ ಕಳಿಸಬೇಕು. ಅಂದರೆ ಕೆಲಸದ ದೃಷ್ಟಿಯಿಂದಲೂ ಚಾಟ್ ಅಲ್ಲಿಗೆ ನಿಲ್ಲುತ್ತದೆ.

ಪೋಸ್ಟ್‌ಗ್ರೆಸ್‌ನಲ್ಲಿ ಹೀಗೆ ಬರೆಯಬಹುದು:

```sql
WITH m AS (
  SELECT user_id, sender, sent_at, body,
         sent_at - LAG(sent_at) OVER (
           PARTITION BY user_id ORDER BY sent_at) AS gap
  FROM messages
)
SELECT *,
       SUM(CASE WHEN gap IS NULL
                  OR gap > INTERVAL '24 hours'
                THEN 1 ELSE 0 END)
       OVER (PARTITION BY user_id ORDER BY sent_at) AS chat_no
FROM m;
```

ಎರಡು ಎಚ್ಚರಿಕೆ. ಡೇಟಾ ತೆಗೆದ ಕ್ಷಣಕ್ಕೆ ಕೊನೆಯ ಮೆಸೇಜ್ ಬಂದು ಇನ್ನೂ 24 ಗಂಟೆ ಆಗಿರದ ಚಾಟ್‌ಗಳನ್ನು ಎಣಿಕೆಯಿಂದ ಬಿಡಿ, ಅವು ಇನ್ನೂ ನಡೀತಾ ಇವೆ. ಸೇರಿಸಿಕೊಂಡರೆ ಪ್ರತಿ ವರದಿಯಲ್ಲೂ ಕೊನೆಯ ದಿನ ಕೆಟ್ಟದಾಗಿ ಕಾಣುತ್ತದೆ. ಎರಡನೆಯದು ಸಮಯ. ಲಾಗ್ ಯುಟಿಸಿಯಲ್ಲಿದ್ದರೆ ನಮ್ಮ ರಾತ್ರಿ 12 ಗಂಟೆ ಅಲ್ಲಿ ಹಿಂದಿನ ದಿನದ 18:30. ಪಂಪ್‌ಸೆಟ್ ಗ್ರಾಹಕರು ರಾತ್ರಿ, ನಸುಕಿನಲ್ಲೇ ಜಾಸ್ತಿ ಬರೆಯೋದು. ಐದೂವರೆ ಗಂಟೆ ಕೂಡಿಸದೆ ದಿನದ ಲೆಕ್ಕ ಹಾಕಿದರೆ ಬೆಳಗಿನ ಜಾವ ಐದೂವರೆವರೆಗಿನ ಮೆಸೇಜೆಲ್ಲ ಹಿಂದಿನ ದಿನಕ್ಕೆ ಹೋಗಿ ಕೂರುತ್ತದೆ.

ಒಬ್ಬರೇ ಐದು ತುಂಡಾಗಿ ಬರೆಯುತ್ತಾರಲ್ಲ, ಪ್ರತಿ ತುಂಡೂ ಅಪೂರ್ಣವೇ?

ಅಲ್ಲ. "ಅಣ್ಣ", "ಕರೆಂಟ್ ಐತೆ", "ಮೋಟ್ರು ಓಡ್ತಿಲ್ಲ", "ನೋಡಿ ಒಸಿ" ಅಂತ ನಾಲ್ಕು ಮೆಸೇಜ್ ಬಂದರೆ ಅದು ಒಂದೇ ಮಾತು. ಮಧ್ಯೆ ಸಪೋರ್ಟ್‌ನವರ ಮೆಸೇಜ್ ಬರದೆ, ಎರಡು ನಿಮಿಷದೊಳಗೆ ಬಂದ ತುಂಡುಗಳನ್ನು ಅಂಟಿಸಿ ಒಂದು ಮಾಡಿ. ಆಟೋ ರಿಪ್ಲೈ ಮಧ್ಯೆ ನುಗ್ಗಿದ್ದರೂ ಅಂಟಿಸಬೇಕು, ಯಾಕಂದ್ರೆ ಅದಕ್ಕೆ ಗ್ರಾಹಕ ಉತ್ತರ ಕೊಟ್ಟಿರೋದಿಲ್ಲ, ತನ್ನ ಮಾತು ಮುಂದುವರಿಸಿರುತ್ತಾರೆ.

ವಾಯ್ಸ್ ಮೆಸೇಜ್, ಫೋಟೋ ಬಂದಿದ್ದರೆ `body` ಖಾಲಿ ಇರುತ್ತದೆ. ಖಾಲಿ ಕಂಡ ತಕ್ಷಣ ಅಪೂರ್ಣ ಅನ್ನಬೇಡಿ. ಮೆಸೇಜ್‌ನ ಬಗೆ ಯಾವುದು ಅನ್ನುವ ಕಾಲಂ ನೋಡಿ, ತೆರೆದು ಕೇಳಿ. ಬರೆಯೋದಕ್ಕಿಂತ ಮಾತಾಡೋದೇ ಸಲೀಸು ಅನ್ನುವ ಗ್ರಾಹಕರು ಬಹಳ ಇದ್ದಾರೆ, ಅವರೇ ಎಲ್ಲರಿಗಿಂತ ಪೂರ್ತಿ ವಿವರ ಕೊಡೋದು.

ಮೆಸೇಜ್ ಉದ್ದ ನೋಡಿ ಕೋಡ್‌ನಲ್ಲೇ ಗುರುತಿಸಬಾರದಾ?

ಉದ್ದ ನಂಬಬೇಡಿ. "ನಮಸ್ಕಾರ" ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡ್‌ನಲ್ಲಿ 7 ಕೋಡ್ ಪಾಯಿಂಟ್, ಯುಟಿಎಫ್-8ರಲ್ಲಿ 21 ಬೈಟ್. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಬೇರೆ ಸಂಖ್ಯೆ. ಹತ್ತಕ್ಕಿಂತ ಚಿಕ್ಕದೆಲ್ಲ ಅಪೂರ್ಣ ಅಂತ ನಿಯಮ ಹಾಕಿದರೆ ಕನ್ನಡದಲ್ಲಿ ಬರೆಯುವವರಿಗೂ `motor on agtilla` ಅಂತ ಬರೆಯುವವರಿಗೂ ಬೇರೆ ಬೇರೆ ಅಳತೆಗೋಲು ಇಟ್ಟಂತಾಯಿತು.

ವಾಕ್ಯದ ಕೊನೆ ನೋಡೋದು ಇದಕ್ಕಿಂತ ವಾಸಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರೋದರಿಂದ "ಕರೆಂಟ್ ಬಂದ್ರೂ", "ಸಿಮ್ ಬದಲಾಯಿಸಿದ್ರೆ", "ಆದ್ರೆ" ಅಂತ ನಿಂತ ಮೆಸೇಜ್ ಕಡಿದು ಹೋಗಿರುವ ಸಂಭವ ಜಾಸ್ತಿ. ಆದರೆ "ರೇಟ್ ಎಷ್ಟು" ಅನ್ನೋದು ಕ್ರಿಯಾಪದ ಇಲ್ಲದೆಯೂ ಪೂರ್ಣ. ಹಾಗಾಗಿ ಈ ನಿಯಮವನ್ನು ಅನುಮಾನದ ಚಾಟ್‌ಗಳನ್ನು ಹೆಕ್ಕಲು ಮಾತ್ರ ಬಳಸಿ. ಶೇಕಡಾವಾರು ಹೇಳಲು ಕೈಯಿಂದಲೇ ಗುರುತು ಹಾಕಬೇಕು.

ಎಷ್ಟು ಚಾಟ್ ಓದಬೇಕು? ಯಾರು ಓದಬೇಕು?

ತಿಂಗಳಿನ ಎಲ್ಲ ಚಾಟ್‌ಗಳಿಂದ ಲಾಟರಿ ಎತ್ತಿದ ಹಾಗೆ 300 ತೆಗೆಯಿರಿ. ಮೊದಲು ಫೋನ್ ನಂಬರ್, ಹೆಸರು, ಸರ್ವೆ ನಂಬರ್ ಅಳಿಸಿ. ಆಮೇಲೆ ಇಬ್ಬರು ಬೇರೆ ಬೇರೆ ಕೂತು ಓದಲಿ. ಅದರಲ್ಲಿ ಒಬ್ಬರು ದಿನಾ ಸಪೋರ್ಟ್ ಸೀಟಿನಲ್ಲಿ ಕೂರುವವರೇ ಆಗಿರಬೇಕು. "ಫೇಸ್ ಡೌನು" ಅಂದರೆ ಏನು ಮಾಡಬೇಕು ಅನ್ನೋದು ಅವರಿಗೆ ಗೊತ್ತು, ನಮಗೆ ಗೊತ್ತಿರೋದಿಲ್ಲ.

ಇಬ್ಬರೂ 72 ಚಾಟ್‌ಗಳನ್ನು ಅಪೂರ್ಣ ಅಂದರು, 192ನ್ನು ಪೂರ್ಣ ಅಂದರು ಅಂತ ಇಟ್ಟುಕೊಳ್ಳಿ. ಉಳಿದ 36ರಲ್ಲಿ ಮತಭೇದ, ಎರಡೂ ಕಡೆ 18. ನೇರ ಹೊಂದಾಣಿಕೆ ಶೇಕಡಾ 88. ಇದು ಸ್ವಲ್ಪ ಮೋಸದ ಸಂಖ್ಯೆ. ಹೆಚ್ಚಿನ ಚಾಟ್ ಹೇಗೂ ಪೂರ್ಣವೇ ಇರೋದರಿಂದ ಇಬ್ಬರೂ ನೂರಕ್ಕೆ 30 ಅಪೂರ್ಣ, 70 ಪೂರ್ಣ ಅನ್ನುವ ಇದೇ ಪಾಲಿನಲ್ಲಿ ಕಣ್ಣು ಮುಚ್ಚಿ ಗುರುತು ಹಾಕಿದರೂ ಶೇಕಡಾ 58 ಹೊಂದುತ್ತಿತ್ತು. ಅದನ್ನು ಕಳೆದು ನೋಡುವ ಅಳತೆ ಕೋಹೆನ್ ಕಪ್ಪಾ:

```
kappa = (0.88 - 0.58) / (1 - 0.58) = 0.71
```

0.71 ಇದ್ದರೆ ಕೆಲಸ ಮುಂದುವರಿಸಬಹುದು. 0.5ರ ಹತ್ತಿರ ಬಂದರೆ ತಪ್ಪು ಓದುವವರದಲ್ಲ, ವ್ಯಾಖ್ಯೆಯದು. ಆ 36 ಚಾಟ್ ಇಟ್ಟುಕೊಂಡು ಇಬ್ಬರೂ ಎದುರುಬದುರು ಕೂತು ಮಾತಾಡಲಿ. ಬೇಡದ ಜಗಳ ಅನ್ನಿಸಬಹುದು, ಆದರೆ ನಿಯಮ ಚೊಕ್ಕ ಆಗೋದು ಅಲ್ಲೇ. "ಕರೆಂಟ್ ಬಂತು ಬಿಡಿ ಸಾರ್" ಅನ್ನುವ ಮೆಸೇಜ್ ಇಂಥ ಕಡೆ ಸಿಗುತ್ತದೆ. ಅದು ಅಪೂರ್ಣ ಅಲ್ಲ, ಸಮಸ್ಯೆ ತಾನೇ ಮುಗಿದದ್ದು. ಅದಕ್ಕೆ ಬೇರೆ ಗುರುತು ಬೇಕು.

ಮಾತಾದ ಮೇಲೆ 84 ಅಪೂರ್ಣ ಅಂತ ತೀರ್ಮಾನ ಆಯಿತು ಅನ್ನಿ. ಅದು ಶೇಕಡಾ 28. ವರದಿಯಲ್ಲಿ ಬರೀ 28 ಅಂತ ಬರೆಯಬೇಡಿ. 300ರ ಮಾದರಿಗೆ ಶೇಕಡಾ 95ರ ಅಂದಾಜು ವ್ಯಾಪ್ತಿ ಸುಮಾರು 23ರಿಂದ 33. ಮುಂದಿನ ತಿಂಗಳು 25 ಬಂದರೆ ಸುಧಾರಿಸಿತು ಅಂತ ಸಿಹಿ ಹಂಚುವ ಹಾಗಿಲ್ಲ.

ಮೆಸೇಜ್ ಕಡಿದದ್ದು ಗ್ರಾಹಕನೋ, ನಮ್ಮ ಸಿಸ್ಟಮ್ಮೋ?

ಇದನ್ನು ಎಲ್ಲಕ್ಕಿಂತ ಮೊದಲು ಪರೀಕ್ಷಿಸಿ. ಕನ್ನಡದ ಪ್ರತಿ ಕೋಡ್ ಪಾಯಿಂಟ್ ಯುಟಿಎಫ್-8ರಲ್ಲಿ 3 ಬೈಟ್ ತಿನ್ನುತ್ತದೆ. ಚಾಟ್ ಟೂಲ್‌ನಿಂದ ನಿಮ್ಮ ಡೇಟಾಬೇಸ್‌ಗೆ ಬರುವ ದಾರಿಯಲ್ಲಿ ಎಲ್ಲಾದರೂ 255 ಬೈಟ್‌ಗೆ ಕತ್ತರಿಸುವ ಕಾಲಂ ಇದ್ದರೆ ಇಂಗ್ಲಿಷ್ ಮೆಸೇಜ್ 255 ಅಕ್ಷರದವರೆಗೆ ಉಳಿಯುತ್ತದೆ. ಕನ್ನಡದ್ದು 85 ಕೋಡ್ ಪಾಯಿಂಟ್‌ಗೇ ಮುಗಿಯುತ್ತದೆ. ಪಾಪ ಗ್ರಾಹಕ ಪೂರ್ತಿ ಬರೆದಿರುತ್ತಾರೆ, ಸಪೋರ್ಟ್‌ನವರು ಪೂರ್ತಿ ಓದಿರುತ್ತಾರೆ, ಅರ್ಧ ಕಾಣೋದು ಅನಲಿಸ್ಟ್‌ಗೆ ಮಾತ್ರ.

```sql
SELECT octet_length(body) AS bytes, COUNT(*)
FROM messages
WHERE sender = 'customer' AND octet_length(body) > 100
GROUP BY 1 ORDER BY 1 DESC LIMIT 10;
```

ಮನುಷ್ಯರು ಬರೆದ ಉದ್ದಗಳು ಚದುರಿರುತ್ತವೆ. ಒಂದೇ ಉದ್ದದಲ್ಲಿ ರಾಶಿ ಬಿದ್ದಿದ್ದರೆ, ಅದರ ಮೇಲೆ ಒಂದೂ ಇಲ್ಲದಿದ್ದರೆ, ಕತ್ತರಿ ನಿಮ್ಮದೇ. ಬೈಟ್ ಲೆಕ್ಕದಲ್ಲಿ ರಾಶಿ ಕಾಣದಿದ್ದರೆ `char_length` ಹಾಕಿ ಇನ್ನೊಮ್ಮೆ ನೋಡಿ. ಎಸ್ಸೆಮ್ಮೆಸ್ ಕೂಡ ಇದ್ದರೆ ನೆನಪಿರಲಿ, ಕನ್ನಡದಲ್ಲಿ ಒಂದು ಎಸ್ಸೆಮ್ಮೆಸ್ ಹಿಡಿಸೋದು 70, ಇಂಗ್ಲಿಷ್‌ನಲ್ಲಿ 160. ಉದ್ದದ್ದು ತುಂಡಾಗಿ ಬಂದು, ಸೇರಿಸುವ ಕಡೆ ಒಂದು ತುಂಡು ಬಿದ್ದು ಹೋಗಬಹುದು.

ಮೊದಲ ಆಟೋ ರಿಪ್ಲೈಗೂ ಇದಕ್ಕೂ ಏನು ಸಂಬಂಧ?

ಮೇಲಿನ ಚಾಟ್‌ಗೆ ವಾಪಸ್ ಹೋಗಿ. ಗ್ರಾಹಕ ನಮಸ್ಕಾರ ಹೇಳಿದ್ದಾರೆ. ಒಂದೇ ಸೆಕೆಂಡಿಗೆ ಉತ್ತರ ಬಂದಿದೆ: ಪ್ರತಿನಿಧಿ ಶೀಘ್ರದಲ್ಲೇ ಉತ್ತರಿಸುತ್ತಾರೆ. ನಮ್ಮ ಕಡೆ ನಮಸ್ಕಾರ ಹೇಳಿದ ಮೇಲೆ ಎದುರಿನವರು "ಹೇಳಿ" ಅಂದರೆ ಮಾತ್ರ ವಿಷಯಕ್ಕೆ ಬರೋದು. ಇಲ್ಲಿ ಒಂಬತ್ತು ಗಂಟೆವರೆಗೆ ಯಾರೂ "ಹೇಳಿ" ಅಂದಿಲ್ಲ, ಕಾಯಿರಿ ಅಂದಿದ್ದಾರೆ. ಆತ ಎರಡು ಪದ ಬರೆದು ಕಾಯುತ್ತಾರೆ. ನಾವು ಅದನ್ನು "ಗ್ರಾಹಕ ಬಿಟ್ಟು ಹೋದ" ಅಂತ ಬರೆದುಕೊಳ್ಳುತ್ತೇವೆ.

ಇದು ಬರೀ ಊಹೆಯೋ ನಿಜವೋ ಅಂತ ನಿಮ್ಮ ಡೇಟಾದಲ್ಲೇ ನೋಡಬಹುದು. ಆಟೋ ರಿಪ್ಲೈ ಬಂದ ಮೇಲೆ ಎರಡು ನಿಮಿಷದೊಳಗೆ ಗ್ರಾಹಕ ಇನ್ನೊಂದು ಮೆಸೇಜ್ ಬರೆದಿದ್ದಾರಾ? ಬರೆದವರ ಪಾಲನ್ನು, ಆಟೋ ರಿಪ್ಲೈ ಕೆಲಸ ಮಾಡದೇ ಇದ್ದ ಹೊತ್ತಿನ ಚಾಟ್‌ಗಳ ಜೊತೆ ಹೋಲಿಸಿ. ಸರ್ವರ್ ನಿಂತಿದ್ದ ಸಮಯ, ಸೆಟ್ಟಿಂಗ್ ಆಫ್ ಆಗಿದ್ದ ಸಮಯ ಎಲ್ಲರ ಲಾಗ್‌ನಲ್ಲೂ ಒಂದಿಷ್ಟು ಇರುತ್ತದೆ. ಆಟೋ ರಿಪ್ಲೈ ಇಲ್ಲದಾಗಲೇ ಜಾಸ್ತಿ ಜನ ಮಾತು ಪೂರ್ತಿ ಮಾಡಿದ್ದರೆ ನಿಮ್ಮ ಉತ್ತರವೇ ಬಾಯಿ ಮುಚ್ಚಿಸುತ್ತಿದೆ ಅಂತ ಬಲವಾದ ಸುಳಿವು. ಪಕ್ಕಾ ಸಾಕ್ಷಿ ಮುಂದೆ ಹೇಳುವ ಪರೀಕ್ಷೆಯಿಂದ ಸಿಗುತ್ತದೆ.

ಹಾಗಾದ್ರೆ ಎಷ್ಟು ಹೊತ್ತು ಬಿಟ್ಟು ಕಳಿಸಬೇಕು?

ಗ್ರಾಹಕನ ಕೊನೆಯ ಮೆಸೇಜ್‌ನಿಂದ ಇಷ್ಟು ಸೆಕೆಂಡ್ ಸದ್ದಿಲ್ಲದಿದ್ದರೆ ಮಾತ್ರ ಕಳಿಸು ಅಂತ ನಿಯಮ ಹಾಕಿ. ಹೊಸ ಮೆಸೇಜ್ ಬಂದರೆ ಗಡಿಯಾರ ಮತ್ತೆ ಸೊನ್ನೆಯಿಂದ ಶುರು.

ಎಷ್ಟು ಸೆಕೆಂಡ್ ಅನ್ನೋದಕ್ಕೆ ಮೊದಲ ಮೆಸೇಜ್‌ಗೂ ಎರಡನೇ ಮೆಸೇಜ್‌ಗೂ ನಡುವಿನ ಅಂತರಗಳನ್ನು ಸಾಲಾಗಿ ಜೋಡಿಸಿ, ಹತ್ತರಲ್ಲಿ ಎಂಟು ಚಾಟ್ ಯಾವ ಸೆಕೆಂಡಿನೊಳಗೆ ಬರುತ್ತವೆ ನೋಡಿ. ಆ ಸಂಖ್ಯೆಯಿಂದ ಶುರು ಮಾಡಿ. ಆಟೋ ರಿಪ್ಲೈ ಮಧ್ಯೆ ಬಂದ ಚಾಟ್‌ಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅವರು ಅದನ್ನು ಓದಲು ನಿಂತಿರುತ್ತಾರೆ, ಇಲ್ಲವೇ ಬರೆಯೋದನ್ನೇ ಬಿಟ್ಟಿರುತ್ತಾರೆ. ಉಳಿದವರ ಅಂತರ ನಿಜಕ್ಕಿಂತ ಬೇರೆಯೇ ಕಾಣುತ್ತದೆ. 40 ಸೆಕೆಂಡ್ ಬಂತು ಅಂದುಕೊಳ್ಳಿ. ಅದೇ ಸಾಕು, ಮೂರು ನಿಮಿಷ ಮಾಡಬೇಡಿ. ಅಷ್ಟು ಹೊತ್ತು ಸದ್ದಿಲ್ಲದಿದ್ದರೆ ನಂಬರ್ ಚಾಲ್ತಿಯಲ್ಲಿಲ್ಲ ಅಂದುಕೊಳ್ಳುತ್ತಾರೆ.

ಉತ್ತರದಲ್ಲಿ ಏನು ಬರೆಯಬೇಕು?

ಒಂದೇ ಒಂದು ಕೆಲಸ ಕೇಳಿ. ಮಾಡೆಲ್ ನಂಬರ್, ಖರೀದಿ ದಿನಾಂಕ, ಊರು, ಹಾರ್ಸ್‌ಪವರ್ ಅಂತ ಅರ್ಜಿ ನಮೂನೆ ಕೊಟ್ಟರೆ ಗದ್ದೆ ಬದುವಿನ ಮೇಲೆ ನಿಂತವರು ಅದನ್ನು ತುಂಬೋದಿಲ್ಲ. ಯಾವ ಒಂದು ವಿವರದಿಂದ ಟೆಕ್ನಿಷಿಯನ್ ಕೆಲಸ ಶುರು ಮಾಡಬಹುದು ಅಂತ ಸಪೋರ್ಟ್‌ನವರನ್ನೇ ಕೇಳಿ. ನಮ್ಮ ಉದಾಹರಣೆಯಲ್ಲಿ ಅದು ಡಬ್ಬಿಯ ಮೇಲಿನ ಲೈಟ್.

> ನಮಸ್ಕಾರ, ಹೇಳಿ. ಏನು ತೊಂದರೆ ಅಂತ ಬರೆಯಿರಿ, ಇಲ್ಲ ವಾಯ್ಸ್ ಮೆಸೇಜ್ ಕಳಿಸಿ. ಸ್ಟಾರ್ಟರ್ ಬಾಕ್ಸ್ ಮೇಲಿನ ಲೈಟ್‌ನ ಒಂದು ಫೋಟೋ ಸಿಕ್ಕರೆ ಬೇಗ ಗೊತ್ತಾಗುತ್ತದೆ. ಬಾಕ್ಸ್ ತೆರೆಯಬೇಡಿ, ಹೊರಗಿನಿಂದಲೇ ಸಾಕು. ನಮ್ಮವರು ಬೆಳಿಗ್ಗೆ 9ಕ್ಕೆ ನೋಡಿ ಉತ್ತರ ಕೊಡುತ್ತಾರೆ.

"ಶೀಘ್ರದಲ್ಲೇ" ಹೋಗಿ 9 ಗಂಟೆ ಬಂದಿದೆ ನೋಡಿ. ಬೆಳಗಿನ ಜಾವ ಬರೆದವರಿಗೆ ಯಾವಾಗ ಫೋನ್ ನೋಡಬೇಕು ಅನ್ನೋದು ತಿಳಿಯುತ್ತದೆ. ಕಚೇರಿ ಸಮಯದಲ್ಲಿ ಈ ಕೊನೆಯ ಸಾಲು ಬೇರೆ ಇರಬೇಕು. ಇನ್ನು, ಮೊದಲ ಮೆಸೇಜ್‌ನಲ್ಲೇ ಫೋಟೋ ಅಥವಾ ವಾಯ್ಸ್ ಬಂದಿದ್ದರೆ ಈ ಉತ್ತರ ಕಳಿಸಲೇಬೇಡಿ. ಎಲ್ಲ ಹೇಳಿದವರಿಗೆ ಮತ್ತೆ ಹೇಳಿ ಅಂದರೆ ಸಿಟ್ಟು ಬರುತ್ತದೆ, ಅಲ್ವಾ?

ಬಟನ್ ಕೊಟ್ಟರೆ ಸುಲಭ ಅಲ್ವಾ?

ಸುಲಭವೇ. ಆದರೆ ವಾಟ್ಸಾಪ್‌ನ ರಿಪ್ಲೈ ಬಟನ್ ಒಂದು ಮೆಸೇಜ್‌ಗೆ ಮೂರೇ, ಪ್ರತಿಯೊಂದಕ್ಕೂ 20 ಕ್ಯಾರೆಕ್ಟರ್ ಮಿತಿ. ಕನ್ನಡದಲ್ಲಿ ಸ್ವರಚಿಹ್ನೆ, ಒತ್ತಿನ ವಿರಾಮ ಎಲ್ಲ ಲೆಕ್ಕಕ್ಕೆ ಬರುತ್ತವೆ. "ಮೋಟರ್ ಆನ್ ಆಗುತ್ತಾ ಇಲ್ಲ" 22 ಆಗುತ್ತದೆ, ಹಿಡಿಸೋದಿಲ್ಲ. "ಮೋಟ್ರು ಆನ್ ಆಗ್ತಿಲ್ಲ" 19, ಹಿಡಿಸುತ್ತದೆ. ಆಡುಮಾತೇ ಇಲ್ಲಿ ಅನುಕೂಲ.

ತೊಂದರೆ ಇರೋದು ಅಳತೆಯಲ್ಲಿ. ಬಟನ್ ಒತ್ತಿದ ತಕ್ಷಣ ಚಾಟ್ ಪೂರ್ಣ ಅಂತ ಎಣಿಸಿದರೆ ಅಪೂರ್ಣದ ಶೇಕಡಾವಾರು ಮರುದಿನವೇ ಬಿದ್ದು ಹೋಗುತ್ತದೆ, ಸಮಸ್ಯೆ ಅಲ್ಲೇ ಇರುತ್ತದೆ. ಹಳೆಯ ಪ್ರಶ್ನೆಯನ್ನೇ ಕೇಳಿ: ಇಷ್ಟರಿಂದ ಸಪೋರ್ಟ್‌ನವರು ಹೆಜ್ಜೆ ಇಡಬಹುದಾ? "ಬೇರೆ ವಿಷಯ" ಒತ್ತಿ ನಿಂತವರು ಅಪೂರ್ಣವೇ.

ಹೊಸ ಉತ್ತರದಿಂದ ನಿಜಕ್ಕೂ ಫರಕ್ ಆಯ್ತಾ ಅಂತ ತಿಳಿಯೋದು ಹೇಗೆ?

ಹಿಂದಿನ ತಿಂಗಳು, ಈ ತಿಂಗಳು ಅಂತ ಹೋಲಿಸಬೇಡಿ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕೊಡುವ ಹೊತ್ತು ರಾತ್ರಿಯಿಂದ ಹಗಲಿಗೆ ಬದಲಾದರೆ ಜನ ಬರೆಯುವ ಹೊತ್ತೂ ಬದಲಾಗುತ್ತದೆ. ಸಪೋರ್ಟ್‌ನವರು ಸೀಟಿನಲ್ಲಿರುವಾಗಲೇ ಮೆಸೇಜ್ ಬಂದರೆ ಅಪೂರ್ಣ ತಾನಾಗೇ ಇಳಿಯುತ್ತದೆ. ನಾಲೆಗೆ ನೀರು ಬಿಟ್ಟರೆ ಪಂಪ್ ಓಡಿಸುವವರೇ ಕಡಿಮೆ. ಇದನ್ನೆಲ್ಲ ನಿಮ್ಮ ಆಟೋ ರಿಪ್ಲೈ ಖಾತೆಗೆ ಬರೆಯುವ ಹಾಗಿಲ್ಲ.

ಒಂದೇ ಅವಧಿಯಲ್ಲಿ ಅರ್ಧ ಗ್ರಾಹಕರಿಗೆ ಹಳೆಯ ಉತ್ತರ, ಅರ್ಧ ಜನಕ್ಕೆ ಹೊಸದು ಹೋಗಲಿ. ಹಂಚೋದು ಗ್ರಾಹಕನ ಮೇಲೆ, ಚಾಟ್‌ನ ಮೇಲಲ್ಲ. ಒಬ್ಬರಿಗೇ ಇವತ್ತು ಒಂದು, ನಾಳೆ ಇನ್ನೊಂದು ಬಂದರೆ ಗಲಿಬಿಲಿ. `user_id`ಯ ಹ್ಯಾಶ್ ತೆಗೆದು ಸಮ, ಬೆಸ ನೋಡಿದರೆ ಸಾಕು.

ಎಷ್ಟು ಚಾಟ್ ಬೇಕು? ಅಪೂರ್ಣ ಶೇಕಡಾ 30ರಿಂದ 24ಕ್ಕೆ ಇಳಿಯಿತಾ ಅಂತ ನೋಡಬೇಕು ಅಂದುಕೊಳ್ಳಿ. ಎರಡರ ಸರಾಸರಿ 0.27, ವ್ಯತ್ಯಾಸ 0.06. ಅಂದಾಜಿನ ಸೂತ್ರ:

```
n = 16 * 0.27 * 0.73 / (0.06 * 0.06) = 876
```

ಒಂದೊಂದು ಗುಂಪಿಗೆ ಸುಮಾರು 880 ಚಾಟ್. ಇಷ್ಟಿದ್ದರೆ ಆ ವ್ಯತ್ಯಾಸ ನಿಜವಾಗಿ ಇದ್ದಾಗ ಹತ್ತರಲ್ಲಿ ಎಂಟು ಸಲ ಹಿಡಿಯಬಹುದು. ಒಬ್ಬರದೇ ಹಲವು ಚಾಟ್ ಬರೋದರಿಂದ ಪ್ರತಿ ಗ್ರಾಹಕನ ಮೊದಲ ಚಾಟ್ ಮಾತ್ರ ಎಣಿಸಿ. ಗುರುತು ಹಾಕುವವರಿಗೆ ಯಾವ ಗುಂಪು ಅಂತ ಕಾಣಬಾರದು, ಆಟೋ ರಿಪ್ಲೈ ಸಾಲನ್ನು ಮುಚ್ಚಿ ಕೊಡಿ. ನಿಮ್ಮ ಹತ್ತಿರ ದಿನಕ್ಕೆ ಇಪ್ಪತ್ತೇ ಚಾಟ್ ಬರೋದಾದರೆ ಇಷ್ಟು ಕೂಡಲು ತಿಂಗಳುಗಳೇ ಬೇಕು. ಆಗ ಸಣ್ಣ ಪದ ಬದಲಾವಣೆ ಪರೀಕ್ಷಿಸಲು ಹೋಗಬೇಡಿ. ಹೊತ್ತು ಮತ್ತು ಪ್ರಶ್ನೆ ಎರಡನ್ನೂ ಒಟ್ಟಿಗೆ ಬದಲಿಸಿ, ದೊಡ್ಡ ಫರಕ್ ಇದೆಯಾ ಅಂತಷ್ಟೇ ನೋಡಿ. ಯಾವುದರಿಂದ ಆಯಿತು ಅಂತ ಬಿಡಿಸಿ ಹೇಳಲು ಆಗೋದಿಲ್ಲ, ಅದನ್ನು ವರದಿಯಲ್ಲೇ ಬರೆಯಿರಿ.

ಅಪೂರ್ಣ ಇಳಿದರೆ ಸಾಕಾ, ಇನ್ನೇನಾದರೂ ನೋಡಬೇಕಾ?

ಜೊತೆಗೆ ಎರಡು ಸಂಖ್ಯೆ ಇರಲಿ. ಒಂದು, ಸಪೋರ್ಟ್‌ನವರ ಮೊದಲ ಮೆಸೇಜ್ ಎಷ್ಟು ಸಲ ಮತ್ತೆ ಪ್ರಶ್ನೆಯೇ ಆಗಿರುತ್ತದೆ. "ಏನಾಗಿದೆ ಸರ್?" ಅಂತ ಕೇಳೋದು ಕಡಿಮೆ ಆಗಿದ್ದರೆ ನಿಮ್ಮ ಬದಲಾವಣೆ ಅವರ ಸೀಟಿನವರೆಗೂ ತಲುಪಿದೆ. ಇನ್ನೊಂದು, ಚಾಟ್ ಬಿಟ್ಟು ಫೋನ್ ಮಾಡಿದವರು ಎಷ್ಟು. ಆಟೋ ರಿಪ್ಲೈ ಓದಿ ಬೇಸತ್ತು ನೇರ ಕರೆ ಮಾಡಿದವರ ಚಾಟ್ ಅಪೂರ್ಣವಾಗಿಯೇ ಉಳಿಯುತ್ತದೆ, ಆದರೆ ಅವರ ಕೆಲಸ ಆಗಿರಬಹುದು. ಕಾಲ್ ಲಾಗ್‌ನಲ್ಲಿ ಅದೇ ನಂಬರ್ 24 ಗಂಟೆಯೊಳಗೆ ಇದೆಯಾ ನೋಡಿ. ಇದ್ದರೆ ಆ ಚಾಟ್‌ಗೆ "ಫೋನ್‌ಗೆ ಹೋಯಿತು" ಅಂತ ಗುರುತು ಹಾಕಿ, ಎರಡೂ ಗುಂಪಿನಲ್ಲಿ ಅಂಥವು ಎಷ್ಟು ಅಂತ ಬೇರೆ ಸಾಲಿನಲ್ಲಿ ತೋರಿಸಿ. ನಂಬರ್ ಅಳಿಸುವ ಮುಂಚೆ ಈ ಹೊಂದಾಣಿಕೆ ಮಾಡಿಕೊಳ್ಳಬೇಕು, ಆಮೇಲೆ ನೆನಪಾದರೆ ದಾರಿ ಇರೋದಿಲ್ಲ.